ಟೈರು ತಣ್ಣಗಿದ್ದಾಗಲೇ ಗಾಳಿ ನೋಡಿ

ಕಾರು ಕಲಿಯಲು ಬಂದವರನ್ನು ನಾನು ಮೊದಲ ದಿನ ಸೀಟಿನಲ್ಲಿ ಕೂರಿಸುವುದಿಲ್ಲ, ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂರಿಸುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ, ಇರಲಿ. ಒಂದೊಂದು ಟೈರೂ ರಸ್ತೆಗೆ ತಾಗುವುದು ಹೆಚ್ಚುಕಡಿಮೆ ಅಂಗೈಯಗಲ. ಬ್ರೇಕು ಹಿಡಿಯುವುದೂ ಅಲ್ಲೇ, ಜಾರುವುದೂ ಅಲ್ಲೇ.

ಗಾಳಿ ಎಷ್ಟಿರಬೇಕು? ಟೈರಿನ ಮೈಮೇಲೆ ಅಚ್ಚಾಗಿರುವುದು ಅದು ತಡೆಯುವ ಗರಿಷ್ಠ ಒತ್ತಡ, ನಿಮ್ಮ ಕಾರಿಗೆ ಬೇಕಾದದ್ದಲ್ಲ. ಬೇಕಾದ ಲೆಕ್ಕ ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಆ ಲೆಕ್ಕ ತಣ್ಣಗಿರುವ ಟೈರಿನದು.

ಎಲ್ಲರೂ ಎಡವುವುದು ಇಲ್ಲೇ. ಚೀಟಿಯಲ್ಲಿ 33 ಪಿಎಸ್‌ಐ ಇದೆ ಎನ್ನಿ. ಬೆಳಿಗ್ಗೆ ಸರಿಯಾಗಿಯೇ ಇತ್ತು. ಬಿಸಿಲಲ್ಲಿ ಮೂವತ್ತು ಕಿಲೋಮೀಟರ್ ಓಡಿಸಿ ಬಂಕಿಗೆ ಹೋದಿರಿ, ಮೀಟರ್ 36 ತೋರಿಸಿತು. ಟೈರು ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿದೆ, ಅಷ್ಟೆ. ಹುಡುಗ ಮೂರು ಇಳಿಸಿಬಿಟ್ಟ. ಮರುದಿನ ಬೆಳಿಗ್ಗೆ ನೋಡಿದರೆ 30! ಹೀಗೆ ಗಾಳಿ ಕಡಿಮೆಯಾದ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಕಾಯುತ್ತದೆ; ಹೆದ್ದಾರಿಯ ವೇಗದಲ್ಲಿ ಸಿಡಿಯುವುದು ಹೆಚ್ಚಾಗಿ ಇಂಥವೇ.

ಸವೆತವೂ ಸುಳಿವು ಕೊಡುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಓಡಿದೆ, ನಡು ಸವೆದಿದ್ದರೆ ಹೆಚ್ಚು. ಗೀರುಗಳ ತಳದಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆಗಳಿವೆ, ಬೆರಳಾಡಿಸಿ ನೋಡಿ. ಮೇಲ್ಮೈ ಅವುಗಳ ಮಟ್ಟಕ್ಕೆ ಬಂತೆಂದರೆ ಉಳಿದ ಆಳ 1.6 ಮಿಲಿಮೀಟರ್. ಆಮೇಲೆ ಟೈರು ಬದಲಿಸಲೇಬೇಕು.

ತಿಂಗಳಿಗೊಮ್ಮೆ, ಮನೆಗೆ ಹತ್ತಿರದ ಅಂಗಡಿಯಲ್ಲಿ, ಬೆಳಿಗ್ಗೆಯೇ ಗಾಳಿ ನೋಡಿಸಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಮರೆಯಬೇಡಿ.