ಮ್ಯಾನೇಜರ್ ಬರೆದುಕೊಡುವ ಪತ್ರದಲ್ಲಿ ಏನಿರಬೇಕು?

ಕೆಲಸ ಬಿಟ್ಟು ಹೊರಡುವವರಿಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಎರಡು ಪತ್ರ ಕೊಡುತ್ತವೆ. ರಿಲೀವಿಂಗ್ ಲೆಟರ್ ಅವರನ್ನು ಹೊಣೆಯಿಂದ ಬಿಡುಗಡೆ ಮಾಡಿದ್ದಕ್ಕೆ ದಾಖಲೆ. ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ ಹುದ್ದೆ, ಸೇರಿದ ತಾರೀಖು, ಬಿಟ್ಟ ತಾರೀಖು ಇರುತ್ತವೆ. ಇವೆರಡನ್ನೂ ಎಚ್‌ಆರ್‌ನವರು ಫೈಲ್ ನೋಡಿ ತಯಾರಿಸಬಲ್ಲರು. ಆ ವ್ಯಕ್ತಿ ಕೆಲಸವನ್ನು ಹೇಗೆ ಮಾಡುತ್ತಿದ್ದರು ಎಂಬುದನ್ನು ಮಾತ್ರ ದಿನವೂ ನೋಡಿದ ಮ್ಯಾನೇಜರೇ ಬರೆಯಬೇಕು. ಅದು ಶಿಫಾರಸು ಪತ್ರ.

ಬರೀ ಹೊಗಳಿಕೆ ಬಹಳ ಬೇಗ ಸವೆಯುತ್ತದೆ. ಜರ್ಮನಿಯಲ್ಲಿ ಕೆಲಸ ಬಿಡುವವರಿಗೆ ಲಿಖಿತ ಪ್ರಮಾಣಪತ್ರ ಕೇಳಿ ಪಡೆಯುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಕೆಟ್ಟದ್ದನ್ನು ನೇರವಾಗಿ ಬರೆಯಲು ಹಿಂಜರಿದ ಮಾಲೀಕರಿಂದಾಗಿ ಅಲ್ಲಿನ ಒಳ್ಳೆಯ ಮಾತುಗಳೇ ಅಂಕಗಳಾಗಿಬಿಟ್ಟಿವೆ. ‘ನಮಗೆ ಪೂರ್ಣ ತೃಪ್ತಿಯಾಗುವಂತೆ ಕೆಲಸ ಮಾಡಿದರು’ ಎಂದು ಬರೆದರೆ ಸಾಧಾರಣ ಕೆಲಸಗಾರ ಎಂದು ಓದಿಕೊಳ್ಳುತ್ತಾರೆ. ‘ಸದಾ’ ಎಂದು ಸೇರಿದರೆ ಒಂದು ಮೆಟ್ಟಿಲು ಮೇಲೆ.

ಹಾಗಾಗಿ ಪತ್ರಕ್ಕೆ ಬೆಲೆ ಬರುವುದು ಘಟನೆಯಿಂದ. ಪೀಣ್ಯದ ಒಂದು ಪಂಪ್ ಕಾರ್ಖಾನೆಯ ಸ್ಟೋರ್ ಕೀಪರ್ ಕೆಲಸ ಬಿಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ಸಾಲನ್ನು ಯಾರ ಹೆಸರಿನ ಕೆಳಗೂ ಹಾಕಬಹುದು. ಮ್ಯಾನೇಜರ್ ಹೀಗೆ ಬರೆದರೆ ಬೇರೆಯೇ ಮಾತು: ‘ಇವರು ನಾಲ್ಕು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದ್ದಾರೆ. ಬೇರಿಂಗ್‌ಗಳ ಲೆಕ್ಕ ಪುಸ್ತಕದಲ್ಲೊಂದು, ರ‍್ಯಾಕ್‌ನಲ್ಲೊಂದು ಇರುತ್ತಿತ್ತು. ಇವರು ಪ್ರತಿ ಶನಿವಾರ ತಾವೇ ಎಣಿಸತೊಡಗಿದರು. ರಾತ್ರಿ ಪಾಳಿಯವರು ಸಾಮಾನು ಒಯ್ದ ಚೀಟಿಗಳು ಪುಸ್ತಕಕ್ಕೆ ಏರುತ್ತಿಲ್ಲ ಎಂಬುದನ್ನು ಪತ್ತೆಹಚ್ಚಿದರು. ಯಾರ ಮೇಲೂ ದೂರು ಹೇಳದೆ, ಚೀಟಿ ಹಾಕಲು ಬಾಗಿಲ ಬಳಿ ಒಂದು ಪೆಟ್ಟಿಗೆ ಇಟ್ಟು, ಬೆಳಗ್ಗೆ ಬಂದೊಡನೆ ಅದನ್ನು ತೆರೆದು ಬರೆದುಕೊಳ್ಳುವ ಕ್ರಮ ತಂದರು. ಮೂರು ತಿಂಗಳಲ್ಲಿ ಲೆಕ್ಕ ತಾಳೆಯಾಯಿತು.’

ಇಲ್ಲಿ ಒಂದು ವಿಶೇಷಣವೂ ಇಲ್ಲ. ಆದರೂ ತಾಳ್ಮೆ, ತೊಡಕಿನ ಬುಡ ಹುಡುಕುವ ಗುಣ, ಸಹೋದ್ಯೋಗಿಗಳ ಮರ್ಯಾದೆ ಉಳಿಸುವ ರೀತಿ ಮೂರೂ ಕಾಣುತ್ತವೆ. ಇಂಥ ಎರಡು ಘಟನೆಗಳಿಗೆ ಒಂದು ಪುಟ ಸಾಕು. ಹೊಸ ಕೆಲಸಕ್ಕೆ ಹೊಂದುವಂಥವನ್ನೇ ಆರಿಸಬೇಕು. ಖರೀದಿ ದರ, ಗಿರಾಕಿಗಳ ಹೆಸರಿನಂಥ ಒಳಗುಟ್ಟು ಹೊರಬೀಳಬಾರದು.

ಹಲವು ಕಚೇರಿಗಳಲ್ಲಿ ‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎನ್ನುವ ರೂಢಿಯಿದೆ. ಅಪಾಯವಿರುವುದು ಅಲ್ಲೇ. ಹೊಸ ಕಂಪನಿಯವರು ಫೋನ್ ಮಾಡಿ ‘ಆ ಚೀಟಿ ಪೆಟ್ಟಿಗೆಯ ವಿಷಯ ಸ್ವಲ್ಪ ಹೇಳಿ ಸಾರ್’ ಎಂದಾಗ ಸಹಿ ಹಾಕಿದವರು ತಡವರಿಸಿದರೆ, ನಿಜವಾಗಿ ಆ ಕೆಲಸ ಮಾಡಿದವರ ಮೇಲೇ ಅನುಮಾನ ಬೀಳುತ್ತದೆ. ಹೊರಡುವವರು ಘಟನೆಗಳ ಟಿಪ್ಪಣಿ ಕೊಡಲಿ; ಮ್ಯಾನೇಜರ್ ತಮಗೆ ನೆನಪಿರುವುದನ್ನಷ್ಟೇ ಉಳಿಸಿಕೊಂಡು ತಮ್ಮ ಮಾತಿನಲ್ಲೇ ಬರೆಯಲಿ. ಹೇಳಲು ಒಂದು ಘಟನೆಯೂ ನೆನಪಾಗದಿದ್ದರೆ, ಹತ್ತಿರದಿಂದ ಕೆಲಸ ನೋಡಿದ ಬೇರೆ ಮೇಲ್ವಿಚಾರಕರ ಹೆಸರು ಸೂಚಿಸುವುದು ಮೇಲು.