ಎರಡು ಎಎ ಸೆಲ್ ಎಷ್ಟು ದಿನ ಬರುತ್ತೆ?

ತೋಟದಲ್ಲಿ ಮಣ್ಣಿನ ತೇವ ಅಳೆಯೋ ಒಂದು ಸೆನ್ಸರ್ ಇಟ್ಟಿದ್ದೀವಿ ಅಂದ್ಕೊಳ್ಳಿ. ಹದಿನೈದು ನಿಮಿಷಕ್ಕೊಮ್ಮೆ ಎದ್ದು, 2 ಸೆಕೆಂಡಲ್ಲಿ ಅಳೆದು, ರೇಡಿಯೋದಲ್ಲಿ ಕಳಿಸಿ ಮತ್ತೆ ಮಲಗುತ್ತೆ. ಎದ್ದಾಗ 40 ಮಿಲಿಆಂಪ್, ಮಲಗಿದಾಗ 10 ಮೈಕ್ರೋಆಂಪ್.

ಹದಿನೈದು ನಿಮಿಷ ಅಂದ್ರೆ 900 ಸೆಕೆಂಡ್. 40 ಮಿಲಿಆಂಪನ್ನ 2ರಿಂದ ಗುಣಿಸಿ 900ರಿಂದ ಭಾಗಿಸಿ: ಸುಮಾರು 89 ಮೈಕ್ರೋಆಂಪ್. ನಿದ್ದೆಯ 10 ಕೂಡಿಸಿದ್ರೆ ಸರಾಸರಿ 99. ಸೆಲ್‌ಗಳನ್ನ ಸರಣಿಯಲ್ಲಿ ಜೋಡಿಸಿರೋದ್ರಿಂದ ಸಾಮರ್ಥ್ಯ ಒಂದು ಸೆಲ್‌ನಷ್ಟೇ, 2000 ಮಿಲಿಆಂಪ್ ಅವರ್ ಅಂತಿಟ್ಕೊಳ್ಳಿ. ಭಾಗಿಸಿದ್ರೆ ಸುಮಾರು 20,000 ಗಂಟೆ, ಎರಡು ವರ್ಷಕ್ಕೂ ಹೆಚ್ಚು.

ಈಗ ಬೋರ್ಡ್ ಮೇಲಿನ ಪವರ್ ಎಲ್‌ಇಡಿ ನೋಡಿ. ಚಿಪ್ ಮಲಗಿದ್ರೂ ಅದು ಉರೀತಾ 1 ಮಿಲಿಆಂಪ್ ಎಳೀತಿದ್ರೆ, ಆಯಸ್ಸು ಎರಡೂವರೆ ತಿಂಗಳಿಗೆ ಇಳಿಯುತ್ತೆ! ಮೊದಲು ಅದನ್ನೇ ಬೋರ್ಡಿಂದ ಬಿಡಿಸಿ.

ಡೇಟಾಶೀಟಲ್ಲಿರೋದು ಚಿಪ್ ಒಂದರದ್ದೇ ನಿದ್ದೆಯ ಕರೆಂಟ್, ಇಡೀ ಬೋರ್ಡನ್ನ ನೀವೇ ಅಳೀಬೇಕು. ಮಲ್ಟಿಮೀಟರನ್ನ ಮೈಕ್ರೋಆಂಪ್ ರೇಂಜಲ್ಲಿಟ್ಟು ಬ್ಯಾಟರಿ ತಂತಿಯ ಮಧ್ಯೆ ಸೇರಿಸಿ. ಆದ್ರೆ ಆ ರೇಂಜಲ್ಲಿ ಮೀಟರೇ ವೋಲ್ಟೇಜ್ ತಿನ್ನುತ್ತೆ. ರೇಡಿಯೋ ಎದ್ದ ಕೂಡಲೇ ಬೋರ್ಡ್ ರೀಸೆಟ್ ಆಗಬಹುದು. ಅದಕ್ಕೇ ಬರೀ ಮಲಗೋ ಪ್ರೋಗ್ರಾಂ ಹಾಕಿ ಅಳೀರಿ.

ಕೊನೆಯ ಹನಿವರೆಗೂ ಸೆಲ್ ಸಿಗಲ್ಲ, ವೋಲ್ಟೇಜ್ ಇಳಿದಾಗ ಬೋರ್ಡ್ ಮೊದಲೇ ನಿಲ್ಲುತ್ತೆ. ನಾನಂತೂ ಲೆಕ್ಕದಲ್ಲಿ ಬಂದಿದ್ದರ ಮುಕ್ಕಾಲು ಭಾಗವನ್ನಷ್ಟೇ ನಂಬ್ತೀನಿ.