ಫೋಟೊದಲ್ಲಿ ಬಂದ ಹೆಣಿಗೆ ಚಾರ್ಟ್: ಸಾಲು ಸಾಲಾಗಿ ಬರೆದುಕೊಳ್ಳುವುದು ಹೇಗೆ?

ಚಳಿಗಾಲ ಹತ್ತಿರವಾದಂತೆ ಉಣ್ಣೆ ಹೆಣಿಗೆಯ ಚಾರ್ಟ್‌ಗಳ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಯಾರೋ ಪುಸ್ತಕದ ಪುಟವನ್ನು ಓರೆಯಾಗಿ ಕ್ಲಿಕ್ಕಿಸಿರುತ್ತಾರೆ. ಚೌಕಗಳು, ಚುಕ್ಕೆಗಳು, ಸೊನ್ನೆಗಳು ಕಾಣುತ್ತವೆ, ಬರೆದ ಸೂಚನೆ ಮಾತ್ರ ಇರುವುದಿಲ್ಲ. ಕೈಯಲ್ಲಿ ಕಡ್ಡಿ ಹಿಡಿದು ಮೊಬೈಲ್ ಪರದೆ ನೋಡುತ್ತಾ ಹೆಣೆಯುವ ಬದಲು, ಮೊದಲೇ ಅದನ್ನು ಕಾಗದದ ಮೇಲೆ ಸಾಲು ಸಾಲಾಗಿ ಬರೆದುಕೊಂಡರೆ ಹೆಣೆದದ್ದನ್ನು ಬಿಚ್ಚುವ ಪ್ರಸಂಗ ಕಡಿಮೆಯಾಗುತ್ತದೆ.

ಮೊದಲು ಫೋಟೊ ನೋಡಿ. ಓರೆಯಾಗಿ ತೆಗೆದಿದ್ದರೆ ದೂರದ ಚೌಕಗಳು ಕಿರಿದಾಗಿ, ಕಣ್ಣು ಪಕ್ಕದ ಸಾಲಿಗೆ ಜಾರುತ್ತದೆ. ಮೊಬೈಲಿನ ಡಾಕ್ಯುಮೆಂಟ್ ಸ್ಕ್ಯಾನ್ ಸೌಲಭ್ಯದಿಂದ ಅದನ್ನು ನೇರ ಮಾಡಿಕೊಂಡು, ಅತಿ ಕೆಳಗಿನ ಮತ್ತು ಅತಿ ಮೇಲಿನ ಸಾಲಿನ ಚೌಕಗಳನ್ನು ಎಣಿಸಿ. ಸಾಮಾನ್ಯ ಆಯತಾಕಾರದ ಚಾರ್ಟ್‌ನಲ್ಲಿ ಎರಡೂ ಒಂದೇ ಇರಬೇಕು. ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಚಿತ್ರವೇ ತಿರುಗಿದೆ ಎಂದರ್ಥ, ಮೊದಲು ಅದನ್ನು ಸರಿಪಡಿಸಿ. ಚಿಹ್ನೆಗಳ ಅರ್ಥ ಬರೆದ ಭಾಗ ಕತ್ತರಿಸಿ ಹೋಗಿದ್ದರೆ ಊಹಿಸಬೇಡಿ, ಕಳಿಸಿದವರನ್ನೇ ಕೇಳಿ. ಒಂದೇ ಚಿಹ್ನೆಯನ್ನು ಬೇರೆ ಬೇರೆ ಪುಸ್ತಕಗಳು ಬೇರೆ ಅರ್ಥದಲ್ಲಿ ಬಳಸುವುದುಂಟು.

ಈಗ ಒಂದು ನಿಜವಾದ ವಿನ್ಯಾಸ ತೆಗೆದುಕೊಳ್ಳೋಣ. ಸ್ಕಾಟ್ಲೆಂಡಿನ ಶೆಟ್‌ಲೆಂಡ್ ದ್ವೀಪಗಳ ಶಾಲುಗಳಲ್ಲಿ ಕಾಣುವ, ಅಲೆ ಅಲೆಯಾದ 'ಓಲ್ಡ್ ಶೇಲ್' ಎಂಬ ಹೆಣಿಗೆ ಇದೆ. ನಮ್ಮ ಚಾರ್ಟ್‌ನಲ್ಲಿ 22 ಚೌಕಗಳ 4 ಸಾಲುಗಳಿವೆ. ನಡುವಿನ 18 ಚೌಕಗಳ ಸುತ್ತ ಕೆಂಪು ಗೆರೆಯಿದೆ, ಮತ್ತೆ ಮತ್ತೆ ಹೆಣೆಯಬೇಕಾದ ಭಾಗ ಅದು. ಎರಡೂ ಬದಿಯ ಎರಡೆರಡು ಚೌಕಗಳು ಅಂಚು. ಖಾಲಿ ಚೌಕ ಎಂದರೆ ಸೀದಾ, ಚುಕ್ಕೆ ಎಂದರೆ ಉಲ್ಟಾ, ಸೊನ್ನೆ ಎಂದರೆ ಕಡ್ಡಿಗೆ ನೂಲಿನ ಒಂದು ಸುತ್ತು, ಓರೆಗೆರೆ ಎಂದರೆ ಎರಡು ಕುಣಿಕೆ ಸೇರಿಸಿ ಒಂದು ಸೀದಾ.

ಓದುವುದು ಕೆಳಗಿನಿಂದ ಮೇಲಕ್ಕೆ. 1 ಮತ್ತು 3ನೇ ಸಾಲಿನ ಅಂಕಿಗಳು ಬಲಬದಿಯಲ್ಲಿವೆ, ಆದ್ದರಿಂದ ಅವನ್ನು ಬಲದಿಂದ ಎಡಕ್ಕೆ ಓದಬೇಕು. 2 ಮತ್ತು 4ರ ಅಂಕಿಗಳು ಎಡದಲ್ಲಿವೆ, ಅವನ್ನು ಎಡದಿಂದ ಬಲಕ್ಕೆ.

ಹೆಚ್ಚಿನವರು ಎಡವುವುದು ಇದರ ನಂತರ. ಚಾರ್ಟ್ ತೋರಿಸುವುದು ಬಟ್ಟೆಯ ಮುಂಭಾಗ ಹೇಗೆ ಕಾಣಬೇಕು ಎಂಬುದನ್ನು. 2 ಮತ್ತು 4ನೇ ಸಾಲಿನಲ್ಲಿ ನಿಮ್ಮ ಕಣ್ಣೆದುರು ಇರುವುದು ಹಿಂಭಾಗ. ಅಲ್ಲಿ ಸೀದಾ ಹೆಣೆದರೆ ಮುಂದೆ ಅದು ಉಲ್ಟಾ ಆಗಿ ಕಾಣುತ್ತದೆ. ಹಾಗಾಗಿ ಹಿಂಭಾಗದ ಸಾಲಿನಲ್ಲಿ ಖಾಲಿ ಚೌಕಕ್ಕೆ ಉಲ್ಟಾ, ಚುಕ್ಕೆಗೆ ಸೀದಾ ಎಂದು ಬದಲಿಸಿ ಬರೆಯಬೇಕು. ನಮ್ಮ 4ನೇ ಸಾಲು ಪೂರ್ತಿ ಚುಕ್ಕೆಗಳು, 2ನೇ ಸಾಲಿನಲ್ಲಿ ಅಂಚಿಗೆ ಮಾತ್ರ ಚುಕ್ಕೆ. ಮೂರು ಸಲ ಪುನರಾವರ್ತನೆ ಬೇಕಿದ್ದರೆ 54 ಮತ್ತು ಅಂಚಿನ 4 ಸೇರಿ 58 ಕುಣಿಕೆ ಹಾಕಿ. ಬರವಣಿಗೆ ಹೀಗಾಗುತ್ತದೆ:

ಸಾಲು 1: ಎಲ್ಲವೂ ಸೀದಾ.
ಸಾಲು 2: 2 ಸೀದಾ, ಕೊನೆಯ 2 ಉಳಿಯುವವರೆಗೆ ಉಲ್ಟಾ, 2 ಸೀದಾ.
ಸಾಲು 3: 2 ಸೀದಾ, [ಎರಡು ಸೇರಿಸಿ ಸೀದಾ 3 ಸಲ, (ಒಂದು ಸುತ್ತು, 1 ಸೀದಾ) 6 ಸಲ, ಎರಡು ಸೇರಿಸಿ ಸೀದಾ 3 ಸಲ] 3 ಬಾರಿ, 2 ಸೀದಾ.
ಸಾಲು 4: ಎಲ್ಲವೂ ಸೀದಾ.

ಇನ್ನು ಲೆಕ್ಕ ತಾಳೆ ನೋಡಿ. ಚಾರ್ಟ್‌ನ ಒಂದು ಚೌಕ ಎಂದರೆ ಆ ಸಾಲು ಮುಗಿದ ಮೇಲೆ ಕಡ್ಡಿಯಲ್ಲಿ ಉಳಿಯುವ ಒಂದು ಕುಣಿಕೆ. ಓರೆಗೆರೆಯ ಚೌಕ ಎರಡು ಕುಣಿಕೆ ನುಂಗಿ ಒಂದನ್ನು ಕೊಡುತ್ತದೆ, ಸೊನ್ನೆ ಏನನ್ನೂ ನುಂಗದೆ ಒಂದನ್ನು ಕೊಡುತ್ತದೆ. 3ನೇ ಸಾಲಿನ ಪ್ರತಿ ಭಾಗದಲ್ಲಿ ಆರು ಓರೆಗೆರೆಗೆ 12, ಆರು ಸೀದಾಕ್ಕೆ 6, ಒಟ್ಟು 18 ಕುಣಿಕೆ ಖರ್ಚು. ಉಳಿಯುವುದೂ 18. ನಿಮ್ಮ ಬರಹದಲ್ಲಿ ಇದು 17 ಅಥವಾ 19 ಆದರೆ ಎಲ್ಲೋ ಒಂದು ಚೌಕ ತಪ್ಪಿದೆ.

ಆದರೆ ಈ ಲೆಕ್ಕ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. 3ನೇ ಸಾಲನ್ನು ಎಡದಿಂದ ಓದಿದರೆ 'ಒಂದು ಸುತ್ತು, 1 ಸೀದಾ' ಎಂಬುದು '1 ಸೀದಾ, ಒಂದು ಸುತ್ತು' ಆಗುತ್ತದೆ. ಸಂಖ್ಯೆ ಸರಿಯಾಗಿಯೇ ಬರುತ್ತದೆ, ತೂತುಗಳು ಮಾತ್ರ ಒಂದು ಕುಣಿಕೆ ಪಕ್ಕಕ್ಕೆ ಸರಿಯುತ್ತವೆ. 4ನೇ ಸಾಲಿನ ಚುಕ್ಕೆಯನ್ನು ಬದಲಿಸದೆ ಉಲ್ಟಾ ಹೆಣೆದರೂ ಲೆಕ್ಕ ಸರಿಯೇ. ಆಗ ಬಟ್ಟೆಯ ಮುಂಭಾಗದಲ್ಲಿ ಅಲೆಯ ಗುಂಟ ಏಳಬೇಕಾದ ಉಬ್ಬುಗೆರೆ ಕಾಣುವುದಿಲ್ಲ, ಅದೇ ಸುಳಿವು. ಆದ್ದರಿಂದ 4 ಸಾಲು ಎರಡು ಸಲ, ಅಂದರೆ 8 ಸಾಲು ಹೆಣೆದು, ಬಟ್ಟೆಯನ್ನು ಸ್ವಲ್ಪ ಎಳೆದು ಫೋಟೊ ಪಕ್ಕದಲ್ಲಿಟ್ಟು ನೋಡಿ.

ಟೋಪಿಯಂತೆ ಸುತ್ತಲೂ ಹೆಣೆಯುವುದಾದರೆ ಈ ಬರಹ ನಡೆಯುವುದಿಲ್ಲ. ಅಲ್ಲಿ ಮುಂಭಾಗವೇ ಸದಾ ನಿಮ್ಮೆದುರು ಇರುವುದರಿಂದ ಅಂಚಿನ ಚೌಕಗಳನ್ನು ಬಿಟ್ಟು, ಎಲ್ಲ ಸಾಲನ್ನೂ ಬಲದಿಂದಲೇ ಓದಿ, ಚಿಹ್ನೆ ಇದ್ದಂತೆಯೇ ಬರೆಯಿರಿ: 2ನೇ ಸಾಲು ಸೀದಾ, 4ನೇ ಸಾಲು ಉಲ್ಟಾ.